ಓಟಿ ಹಣ ಯಾವ ಜಾಬಿನ ತಲೆಗೆ?

ಪೀಣ್ಯದಲ್ಲಿ ಆರ್ಡರ್ ಹಿಡಿದು ಬಿಡಿಭಾಗ ಮಾಡಿಕೊಡುವ ಒಂದು ಮಷಿನ್ ಶಾಪ್ ಇದೆ ಎಂದಿಟ್ಟುಕೊಳ್ಳಿ. ಆಪರೇಟರ್‌ಗೆ ಗಂಟೆಗೆ 150 ರೂಪಾಯಿ. ದಿನದ ಪಾಳಿ ಎಂಟು ಗಂಟೆ, ವಾರಕ್ಕೆ 48. ಒಂದು ದಿನ ಆತ ಪಾಳಿಯುದ್ದಕ್ಕೂ ಒಬ್ಬ ಗಿರಾಕಿಯ ಶಾಫ್ಟ್ ಮಾಡಿ, ಎರಡು ಗಂಟೆ ಓಟಿ ನಿಂತು ಇನ್ನೊಬ್ಬರ ಫ್ಲಾಂಜ್ ಮುಗಿಸಿದ. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ನಿಯಮದಂತೆ ಓಟಿಗೆ ಎರಡು ಪಟ್ಟು ಕೂಲಿ. ಹಾಗಾಗಿ ಆ ಎರಡು ಗಂಟೆಗೆ 600 ರೂಪಾಯಿ ಹೋಯಿತು.

ಇದರಲ್ಲಿ 300 ಮಾಮೂಲಿ ಕೂಲಿ. ಅದು ಫ್ಲಾಂಜ್‌ನದೇ, ತಕರಾರಿಲ್ಲ. ಉಳಿದ 300 ಓಟಿಯ ಹೆಚ್ಚುವರಿ ಹಣ. ಅದನ್ನೂ ಫ್ಲಾಂಜ್‌ನ ಜಾಬ್ ಕಾರ್ಡಿಗೇ ಬರೆದುಬಿಡುವುದು ಸುಲಭ. ಆದರೆ ಸಂಜೆಯ ಸರದಿ ಫ್ಲಾಂಜ್‌ಗೆ ಬಂದದ್ದು ಆಕಸ್ಮಿಕ. ಫ್ಲಾಂಜ್ ಮೊದಲು ಎತ್ತಿಕೊಂಡಿದ್ದರೆ ಓಟಿ ಶಾಫ್ಟಿಗೆ ಬೀಳುತ್ತಿತ್ತು. ಶಾಪ್‌ನಲ್ಲಿ ಒಟ್ಟಾರೆ ಕೆಲಸ ಜಾಸ್ತಿಯಾಗಿ ಓಟಿ ಮಾಡಿಸಿದ್ದರೆ ಆ 300 ಓವರ್‌ಹೆಡ್‌ಗೆ ಹೋಗಿ ಎಲ್ಲ ಜಾಬ್‌ಗಳಿಗೂ ಹಂಚಿಕೆಯಾಗಬೇಕು.

ಶಾಫ್ಟಿನ ಗಿರಾಕಿಯೇ ‘ನಾಳೆ ಬೆಳಿಗ್ಗೆ ಬೇಕೇ ಬೇಕು’ ಎಂದು ಪಟ್ಟು ಹಿಡಿದಿದ್ದರೆ? ಅವರ ಅವಸರಕ್ಕೆ ಫ್ಲಾಂಜ್ ಸಂಜೆಗೆ ಸರಿದಿರುತ್ತದೆ. ಆಗ ಹೆಚ್ಚುವರಿ 300 ಪಾಳಿಯ ಹೊತ್ತಿನಲ್ಲೇ ಮುಗಿದ ಶಾಫ್ಟಿನ ಮೇಲೆ ಬೀಳುತ್ತದೆ. ಗಡಿಯಾರ ನೋಡಿ ಬರೆಯುವ ಗುಮಾಸ್ತನಿಗೆ ಇದು ವಿಚಿತ್ರವೆನಿಸಬಹುದು, ಆದರೆ ನ್ಯಾಯ ಇದೇ. ಓಟಿ ಚೀಟಿಯಲ್ಲಿ ಕಾರಣ ಬರೆಯುವ ಜಾಗ ಇಲ್ಲದಿದ್ದರೆ ತಿಂಗಳ ಕೊನೆಗೆ ಇದನ್ನು ಯಾರೂ ಬಿಡಿಸಲಾರರು. ಇನ್ನು ಮಷಿನ್ ಕೆಟ್ಟು ಹಿಂದೆಬಿದ್ದ ಕೆಲಸಕ್ಕೆ ಓಟಿ ಮಾಡಿಸಿದ್ದರೆ ಗಿರಾಕಿಗಳಾರೂ ಹೊಣೆಯಲ್ಲ, ಅದು ಮಾಲೀಕರ ನಷ್ಟದ ಖಾತೆಗೆ.

ಖಾಲಿ ಕೂತ ಹೊತ್ತಿಗೂ ಇದೇ ಪ್ರಶ್ನೆ. ಹಾಜರಿ ಗಂಟೆಯಿಂದ ಜಾಬ್ ಕಾರ್ಡುಗಳ ಗಂಟೆ ಕಳೆದರೆ ಅದು ಸಿಗುತ್ತದೆ. ಟೂಲ್ ಬದಲಾವಣೆ, ಚಹಾ, ಮುಂದಿನ ಜಾಬಿಗೆ ಕಾಯುವುದು ತಪ್ಪಿಸಲಾಗದ್ದು, ಅದು ವೆಚ್ಚದ ಭಾಗ. ದಿನವಿಡೀ ಕರೆಂಟ್ ಹೋದದ್ದು ಹಾಗಲ್ಲ, ಅದೂ ನಷ್ಟದ ಖಾತೆಗೇ. ಕಾರ್ಡುಗಳ ಮೊತ್ತ ದಿನವೂ ಸರಿಯಾಗಿ ಎಂಟು ಗಂಟೆ ಬರುತ್ತಿದ್ದರೆ ಅನುಮಾನ ಪಡಿ. ಖಾಲಿ ಹೊತ್ತನ್ನು ಯಾವುದೋ ಜಾಬಿಗೆ ತುರುಕಿರುತ್ತಾರೆ.

ಗಣರಾಜ್ಯೋತ್ಸವ, ರಾಜ್ಯೋತ್ಸವದಂಥ ರಜೆಗಳ ಸಂಬಳವನ್ನು ಒಂದೇ ಜಾಬಿಗೆ ಹಾಕುವಂತಿಲ್ಲ. ವರ್ಷಕ್ಕೆ 2,400 ಗಂಟೆಗೆ 3,60,000 ರೂಪಾಯಿ ಕೊಡುತ್ತೀರಿ ಎನ್ನಿ. ಸಂಬಳಸಹಿತ ರಜೆ 200 ಗಂಟೆ, ಸಹಜ ಖಾಲಿ ಹೊತ್ತು 200 ಗಂಟೆ ಕಳೆದರೆ ಕೆಲಸಕ್ಕೆ ದಕ್ಕುವುದು 2,000. ಭಾಗಿಸಿದರೆ ಗಂಟೆಗೆ 180 ಆಯಿತು. ಜಾಬ್‌ಗಳಿಗೆ ಈ ದರವನ್ನೇ ಹಾಕಬಹುದು. ಅಥವಾ 150ನ್ನೇ ಹಾಕಿ ಉಳಿದ 60,000ವನ್ನು ಓವರ್‌ಹೆಡ್‌ಗೆ ಸೇರಿಸಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ಮಾತ್ರ ರಜೆಯ ಹಣವನ್ನು ಗಿರಾಕಿಯಿಂದ ಎರಡು ಸಲ ಕೇಳಿದಂತಾಗಿ, ಕೊಟೇಷನ್ ಪಕ್ಕದ ಶಾಪ್‌ನವರಿಗಿಂತ ದುಬಾರಿಯಾಗುತ್ತದೆ. 180ರ ದರ ಹಾಕುವವರು ಓವರ್‌ಹೆಡ್ ಪಟ್ಟಿಯಲ್ಲಿ ‘ರಜಾ ಸಂಬಳ’ ಎಂಬ ಸಾಲು ಇನ್ನೂ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.