ಒಂದೇ ಮಾತು, ಹಲವು ಬರಹ: ಅರಬ್ಬೀ ಪಠ್ಯವೂ ಗಣಕಯಂತ್ರದ ಹುಡುಕಾಟವೂ

ಅರಬ್ಬೀ ಲಿಪಿಯಲ್ಲಿ ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳನ್ನು ಕೂಡಿಸಿ ಬರೆದರೆ ಅದನ್ನು ಹೇಗೆ ಓದಬೇಕು? 'ಕತಬ' ಎಂದು ಓದಿದರೆ 'ಅವನು ಬರೆದನು' ಎಂದಾಗುತ್ತದೆ. 'ಕುತಿಬ' ಎಂದರೆ 'ಬರೆಯಲ್ಪಟ್ಟಿತು'. 'ಕುತುಬ್' ಎಂದರೆ 'ಪುಸ್ತಕಗಳು'. ಅಕ್ಷರಗಳು ಮೂರೇ; ಅವುಗಳ ನಡುವಿನ ಹ್ರಸ್ವ ಸ್ವರಗಳನ್ನು ಓದುಗನೇ ಸಂದರ್ಭವರಿತು ತುಂಬಿಕೊಳ್ಳುತ್ತಾನೆ. ಕನ್ನಡಿಗರಾದ ನಮಗೆ ಇದು ವಿಚಿತ್ರವೆನಿಸಬಹುದು. ಕಾಲು, ಕೋಲು, ಕೀಲು ಎಂಬ ಮಾತುಗಳ ಗುಣಿತವನ್ನೆಲ್ಲ ಅಳಿಸಿದರೆ ಉಳಿಯುವುದು ಬರಿಯ 'ಕಲ'. ಆದರೆ ಅರಬ್ಬೀ ಭಾಷೆಯ ಪತ್ರಿಕೆಗಳೂ ಪುಸ್ತಕಗಳೂ ಸಾಮಾನ್ಯವಾಗಿ ಹೀಗೆಯೇ ಅಚ್ಚಾಗುತ್ತವೆ. ದೀರ್ಘ ಸ್ವರಗಳಿಗೆ ಮಾತ್ರ ಅಲ್ಲಿ ಪ್ರತ್ಯೇಕ ಅಕ್ಷರಗಳುಂಟು.

ಹ್ರಸ್ವ ಸ್ವರಗಳನ್ನು ತೋರಿಸಲು ಗುರುತುಗಳೇ ಇಲ್ಲವೆಂದಲ್ಲ. ಅಕ್ಷರದ ಮೇಲೆ ಒಂದು ಓರೆಗೆರೆ ಎಳೆದರೆ 'ಅ'ಕಾರ; ಅದಕ್ಕೆ ಫತಹಾ ಎಂದು ಹೆಸರು. ಅದೇ ಗೆರೆ ಕೆಳಗಿದ್ದರೆ 'ಇ'ಕಾರದ ಕಸರಾ. ಮೇಲೆ ಸಣ್ಣ ಕೊಕ್ಕೆಯಿದ್ದರೆ 'ಉ'ಕಾರದ ದಮ್ಮಾ. ಅಕ್ಷರ ಇಮ್ಮಡಿಯಾಯಿತೆಂದು ಹೇಳುವ ಶದ್ದಾ, ಸ್ವರವೇ ಇಲ್ಲವೆಂದು ಹೇಳುವ ಸುಕೂನ್ ಮುಂತಾದವೂ ಉಂಟು. ಕುರಾನ್, ಕಾವ್ಯ ಮತ್ತು ಮಕ್ಕಳ ಪಾಠಪುಸ್ತಕಗಳಲ್ಲಿ ಇವನ್ನು ಕಾಣಬಹುದು. ಉಳಿದ ಕಡೆ ಅರ್ಥಕ್ಕೆ ಗೊಂದಲವಾಗುವ ಒಂದೆರಡು ಪದಗಳಿಗೆ ಮಾತ್ರ ಇವನ್ನು ಹಚ್ಚುವುದುಂಟು.

ಮನುಷ್ಯನ ಕಣ್ಣಿಗೆ ಈ ಗುರುತುಗಳು ಇದ್ದರೂ ಇಲ್ಲದಿದ್ದರೂ ಪದ ಅದೇ. ಗಣಕಯಂತ್ರಕ್ಕೆ ಹಾಗಲ್ಲ. ಯೂನಿಕೋಡ್ ಎಂಬ ಸಂಕೇತಮಾಲೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಗುರುತಿಗೂ ಬೇರೆ ಬೇರೆ ಸಂಖ್ಯೆ ಇದೆ. ಯಂತ್ರವು ಹೋಲಿಸುವುದು ಆ ಸಂಖ್ಯೆಗಳನ್ನೇ. ಕನ್ನಡದಲ್ಲಿಯೂ ಬಳಕೆಯಲ್ಲಿರುವ 'ಕಿತಾಬು' ಎಂಬ ಮಾತನ್ನು ನೋಡೋಣ. ಹದಿನಾರರ ಎಣಿಕೆಯಲ್ಲಿ ಬರೆದ ಅದರ ಸಂಖ್ಯೆಗಳು ಹೀಗಿವೆ:

```
ಗುರುತಿಲ್ಲದೆ : 0643 062A 0627 0628
ಗುರುತಿನೊಡನೆ : 0643 0650 062A 064E 0627 0628 064C
```

ಮೊದಲನೆಯದರಲ್ಲಿ ನಾಲ್ಕು ಸಂಖ್ಯೆಗಳು, ಎರಡನೆಯದರಲ್ಲಿ ಏಳು. ವಿದ್ಯಾರ್ಥಿಯೊಬ್ಬನು ಗುರುತಿಲ್ಲದೆ 'ಕಿತಾಬ್' ಎಂದು ಒತ್ತಿ ಹುಡುಕಿದರೆ, ಗುರುತುಗಳೊಡನೆ ಅಚ್ಚಾದ ಗ್ರಂಥದಲ್ಲಿ ಆ ಮಾತು ನೂರು ಸಲ ಬಂದಿದ್ದರೂ ಯಂತ್ರವು 'ಸಿಗಲಿಲ್ಲ' ಎನ್ನುತ್ತದೆ. ಆದುದರಿಂದ ಹುಡುಕಾಟಕ್ಕೆ ಮುಂಚೆ ಪಠ್ಯವನ್ನು ಹದಗೊಳಿಸಬೇಕು. 064B ಯಿಂದ 0652 ರವರೆಗಿನ ಎಂಟು ಗುರುತುಗಳನ್ನು ತೆಗೆದುಹಾಕುವುದು ಇದರ ಮೊದಲ ಕೆಲಸ. ಇದರ ಜೊತೆಗೆ 0640 ಎಂಬ ತತ್ವೀಲನ್ನೂ ತೆಗೆಯಬೇಕು. ಅದು ಅಕ್ಷರವೇ ಅಲ್ಲ. ಸಾಲು ತುಂಬಲೆಂದೋ ಅಂದಕ್ಕೆಂದೋ ಪದವನ್ನು ಉದ್ದಕ್ಕೆಳೆಯುವ ಒಂದು ಗೆರೆಯಷ್ಟೆ.

ಎರಡನೆಯ ತೊಡಕು ಅಲಿಫ್ ಅಕ್ಷರದ್ದು. ಬರಿಯ ನೆಟ್ಟಗೆರೆಯಾಗಿರುವ ಅಲಿಫ್ 0627. ಅದರ ತಲೆಯ ಮೇಲೆ ಹಮ್ಜಾ ಎಂಬ ಗುರುತು ಕುಳಿತರೆ 0623. ಹಮ್ಜಾ ಕೆಳಗೆ ಬಂದರೆ 0625. ಮೇಲೆ ಅಲೆಯಂಥ ಮದ್ದಾ ಇದ್ದರೆ 0622. ವ್ಯಾಕರಣದ ಪ್ರಕಾರ ಇವು ಬೇರೆ ಬೇರೆಯೇ. ಆದರೆ ಅವಸರದಲ್ಲಿ ಬೆರಳಚ್ಚು ಮಾಡುವವರು ಹಮ್ಜಾವನ್ನು ಬಿಟ್ಟುಬಿಡುವುದು ತೀರ ಸಾಮಾನ್ಯ. 'ಅಹ್ಮದ್' ಎಂಬ ಹೆಸರು ಒಂದು ದಾಖಲೆಯಲ್ಲಿ 0623 ರಿಂದಲೂ ಇನ್ನೊಂದರಲ್ಲಿ 0627 ರಿಂದಲೂ ಆರಂಭವಾದರೆ, ಯಂತ್ರದ ಪಾಲಿಗೆ ಅವರು ಇಬ್ಬರು ಅಹ್ಮದರು! ಎಲ್ಲ ಅಲಿಫ್‌ಗಳನ್ನೂ ಬರಿಯ ಅಲಿಫ್‌ಗೆ ಇಳಿಸುವುದೇ ಇದಕ್ಕೆ ಪರಿಹಾರ.

'ಯಾ' ಅಕ್ಷರದ ಕಥೆ ಇನ್ನೂ ಸ್ವಾರಸ್ಯವಾದುದು. ಪದದ ಕೊನೆಯಲ್ಲಿ ಕೆಳಗೆ ಎರಡು ಚುಕ್ಕೆಗಳಿದ್ದರೆ ಅದು ಯಾ, 064A. ಅದೇ ಆಕಾರ ಚುಕ್ಕೆಗಳಿಲ್ಲದೆ ನಿಂತರೆ ಅಲಿಫ್ ಮಕ್ಸೂರಾ, 0649, ಉಚ್ಚಾರ 'ಆ'. ಆದರೆ ಈಜಿಪ್ಟಿನ ಮುದ್ರಣ ಸಂಪ್ರದಾಯದಲ್ಲಿ ಪದಾಂತ್ಯದ ಯಾ ಅಕ್ಷರಕ್ಕೂ ಚುಕ್ಕೆ ಇಡದಿರುವ ರೂಢಿಯುಂಟು. ಹೀಗಾಗಿ ಒಂದೇ ಹೆಸರು ಕೈರೋವಿನ ಪುಸ್ತಕದಲ್ಲಿ ಒಂದು ಬಗೆ, ಬೇರೆಡೆಯ ಪುಸ್ತಕದಲ್ಲಿ ಇನ್ನೊಂದು ಬಗೆ. ಇವೆರಡನ್ನೂ ಒಂದು ಮಾಡದೆ ಗತ್ಯಂತರವಿಲ್ಲ.

ಇಷ್ಟನ್ನೂ ಪೈಥಾನ್ ಭಾಷೆಯಲ್ಲಿ ಕೆಲವೇ ಸಾಲುಗಳಲ್ಲಿ ಬರೆಯಬಹುದು:

```
import re, unicodedata

def clean(s):
    s = unicodedata.normalize("NFC", s)
    s = re.sub("[\u064B-\u0652\u0640]", "", s)
    s = re.sub("[\u0622\u0623\u0625]", "\u0627", s)
    return s.replace("\u0649", "\u064A")
```

ಮೊದಲ ಹೆಜ್ಜೆಯಾದ `NFC` ಏಕೆ ಬೇಕು? ಹಮ್ಜಾ ಹೊತ್ತ ಅಲಿಫನ್ನು 0623 ಎಂದು ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, 0627 ಮತ್ತು 0654 ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಈ ಹೆಜ್ಜೆ ಜೋಡಿಯನ್ನು ಬೆಸೆದು ಒಂದಾಗಿಸುತ್ತದೆ. ಅದನ್ನು ಬಿಟ್ಟರೆ ಅಲಿಫ್ ಸರಿಹೋದರೂ 0654 ಎಂಬ ಒಂಟಿ ಹಮ್ಜಾ ಪದದಲ್ಲಿ ಉಳಿದು ಹುಡುಕಾಟವನ್ನು ಕೆಡಿಸುತ್ತದೆ. ಇಂಥ ಉಳಿಕೆಯನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಹದಗೊಳಿಸಿದ ಪಠ್ಯದಲ್ಲಿ ಯಾವ ಯಾವ ಸಂಖ್ಯೆ ಎಷ್ಟೆಷ್ಟು ಸಲ ಬಂದಿದೆಯೆಂದು ಯಂತ್ರದಿಂದಲೇ ಪಟ್ಟಿ ಮಾಡಿಸಿದರೆ, ಇರಬಾರದ ಸಂಖ್ಯೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಗ್ರಂಥಕ್ಕೆ ಮಾಡಿದ ಸಂಸ್ಕಾರವನ್ನೇ ಹುಡುಕುವವನು ಒತ್ತಿದ ಪದಕ್ಕೂ ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಆದರೆ ಈ ಇಸ್ತ್ರಿಗೆ ಬೆಲೆಯಿದೆ. 'ಅನ್' ಎಂದರೆ 'ಎಂದು', 'ಇನ್' ಎಂದರೆ 'ಒಂದು ವೇಳೆ'. ಹಮ್ಜಾ ಮೇಲಿದೆಯೋ ಕೆಳಗಿದೆಯೋ ಎಂಬುದೇ ಇವೆರಡರ ಬರಹದಲ್ಲಿರುವ ಮುಖ್ಯ ಭೇದ. ಅಲಿಫನ್ನು ಒಂದು ಮಾಡಿದೊಡನೆ ಆ ಭೇದ ಅಳಿಯಿತು. 'ಅಲೀ' ಎಂಬ ಹೆಸರು ಯಾ ಅಕ್ಷರದಿಂದ ಮುಗಿದರೆ, 'ಮೇಲೆ' ಎಂಬರ್ಥದ 'ಅಲಾ' ಮುಗಿಯುವುದು ಅಲಿಫ್ ಮಕ್ಸೂರಾದಿಂದ. ಸಂಸ್ಕಾರದ ನಂತರ ಅಲೀಯನ್ನು ಹುಡುಕಿದವನ ಮುಂದೆ, ಪುಟಪುಟಕ್ಕೂ ಬರುವ ಆ ಅವ್ಯಯವೆಲ್ಲ ಬಂದು ಬೀಳುತ್ತದೆ. ಆದ್ದರಿಂದ ಬುದ್ಧಿವಂತರು ಮೂಲ ಪಠ್ಯವನ್ನು ಎಂದೂ ಅಳಿಸುವುದಿಲ್ಲ. ಮೂಲದ್ದೊಂದು, ಹದಗೊಳಿಸಿದ್ದೊಂದು, ಹೀಗೆ ಎರಡು ಪದಸೂಚಿಗಳನ್ನು ಇಟ್ಟುಕೊಂಡು, ಕೇಳಿದ ಪದಕ್ಕೆ ಅಕ್ಷರಶಃ ಹೊಂದಿದವನ್ನು ಮೇಲೆ ತೋರಿಸಿ, ಉಳಿದವನ್ನು ಅನಂತರ ತೋರಿಸುತ್ತಾರೆ.

ಎರಡು ಪದಸೂಚಿಗಳಿಂದಲೂ ಬಗೆಹರಿಯದ ತೊಡಕು ಒಂದಿದೆ. ಕುರಾನಿನ ಸಾಂಪ್ರದಾಯಿಕ ಬರಹದಲ್ಲಿ 'ಕಿತಾಬ್' ಎಂಬುದರ ದೀರ್ಘ 'ಆ'ಕಾರಕ್ಕೆ ಬಹುತೇಕ ಕಡೆ ಪೂರ್ಣ ಅಲಿಫ್ ಇಲ್ಲ. ಅದರ ಬದಲು ತಾ ಅಕ್ಷರದ ಮೇಲೆ ಕಠಾರಿಯಂತೆ ನಿಂತ ಪುಟ್ಟ ಅಲಿಫ್ ಇದೆ; ಅದರ ಸಂಖ್ಯೆ 0670. ಇದನ್ನು ಗುರುತೆಂದು ತಿಳಿದು ತೆಗೆದರೆ ಉಳಿಯುವುದು ಕಾಫ್, ತಾ, ಬಾ ಮಾತ್ರ. ನಾವು ಆರಂಭದಲ್ಲಿ ಕಂಡ 'ಕತಬ', 'ಕುತುಬ್'ಗಳ ಗುಂಪಿಗೆ 'ಕಿತಾಬ್' ಕೂಡ ಸೇರಿಹೋಗುತ್ತದೆ! ಹಾಗಾದರೆ ಪುಟ್ಟ ಅಲಿಫನ್ನು ಪೂರ್ಣ ಅಲಿಫ್ ಆಗಿ ಬದಲಿಸೋಣವೆ? 'ಕಿತಾಬ್' ಸರಿಹೋಗುತ್ತದೆ, ನಿಜ. ಆದರೆ 'ರಹ್ಮಾನ್' ಕೆಡುತ್ತದೆ. ಏಕೆಂದರೆ ಇಂದಿನ ರೂಢಿಯ ಬರಹದಲ್ಲಿಯೂ 'ಅರ್‌ರಹ್ಮಾನ್' ಎಂಬುದಕ್ಕೆ ಆ ಸ್ಥಾನದಲ್ಲಿ ಪೂರ್ಣ ಅಲಿಫ್ ಬರೆಯುವುದಿಲ್ಲ. 'ಇದು' ಎಂಬರ್ಥದ 'ಹಾಜಾ' ಪದದ ಮೊದಲ ದೀರ್ಘವೂ ಹಾಗೆಯೇ. ಒಂದು ಪದಕ್ಕೆ ಸಲ್ಲುವ ನಿಯಮ ಇನ್ನೊಂದಕ್ಕೆ ಸಲ್ಲದು. ಅಕ್ಷರವನ್ನು ಮಾತ್ರ ನೋಡಿ ತೀರ್ಮಾನಿಸುವ ಯಾವ ಸೂತ್ರವೂ ಇಲ್ಲಿ ಸಾಲದು.

ಕುರಾನಿನ ಮಟ್ಟಿಗೆ ಇದನ್ನು ದಾಟಲು ಒಂದು ನೇರವಾದ ಉಪಾಯವಿದೆ. ಸಾಂಪ್ರದಾಯಿಕ ಬರಹದ ಪಾಠದ ಪಕ್ಕದಲ್ಲಿ, ಇಂದಿನ ಕಾಗುಣಿತದಲ್ಲಿ ಬರೆದ ಅದೇ ಪಾಠವನ್ನು ಇಟ್ಟಿರುತ್ತಾರೆ. ಎರಡರಲ್ಲಿಯೂ ಅಧ್ಯಾಯ ಮತ್ತು ವಾಕ್ಯಗಳ ಸಂಖ್ಯೆ ಒಂದೇ. ಹುಡುಕಾಟ ನಡೆಯುವುದು ಇಂದಿನ ಕಾಗುಣಿತದ ಪ್ರತಿಯಲ್ಲಿ. ಸಿಕ್ಕ ವಾಕ್ಯದ ಸಂಖ್ಯೆಯನ್ನು ಹಿಡಿದು ಯಂತ್ರವು ಸಾಂಪ್ರದಾಯಿಕ ಪ್ರತಿಯ ವಾಕ್ಯವನ್ನು, ಅದರ ಎಲ್ಲ ಗುರುತುಗಳೊಡನೆ, ಓದುಗನ ಮುಂದಿಡುತ್ತದೆ.