ಚಿನ್ನದ ತೆನೆ ತಣ್ಣಗಿರುತ್ತದೆಯೇ?

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮ ಕರಾವಳಿಯ ಕ್ರೈಸ್ತರಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಒಂಬತ್ತು ದಿನಗಳ ನೊವೆನಾದಲ್ಲಿ ಮಕ್ಕಳು ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಚನವಾಗುತ್ತದೆ, ಮಕ್ಕಳಿಗೆ ಕಬ್ಬು ಹಂಚಲಾಗುತ್ತದೆ, ಮನೆಯಲ್ಲಿ ಬಾಳೆಲೆಯ ಮೇಲೆ ಹೊಸಕ್ಕಿಯ ಊಟ. ಈ ಹಬ್ಬದ ಬಗ್ಗೆ ಒಂದು ಪದ್ಯ ಬೇಕೆಂದು ದೃಷ್ಟಿಹೀನ ಮಕ್ಕಳ ಶಾಲೆಯೊಂದರ ಶಿಕ್ಷಕಿ ಒಮ್ಮೆ ಕೇಳಿದರು. ಕೂಡಲೇ ಬರೆದುಕೊಟ್ಟೆ:

ಚಿನ್ನದ ತೆನೆಗಳು ಹೊಲದಲಿ ಹೊಳೆದವು,
ಬಣ್ಣದ ಹೂಗಳು ಬುಟ್ಟಿಯಲಿ;
ದೀಪದ ಸಾಲಲಿ ನಗುತಿಹ ತಾಯಿಯ
ನೋಡುವ ಬನ್ನಿರಿ ಚರ್ಚಿನಲಿ.

ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ ರಾಗವಾಗಿ ಹಾಡಿದರು. ಕೊನೆಗೆ ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಫಾದರ್, ಚಿನ್ನದ ತೆನೆ ಅಂದರೆ ಬಳೆಯ ಹಾಗೆ ತಣ್ಣಗಿರುತ್ತದಾ?"

ಹುಡುಗನಿಗೆ ಚಿನ್ನ ಗೊತ್ತಿತ್ತು, ಅಮ್ಮನ ಕೈಬಳೆಯಲ್ಲಿ. ಅದು ತಣ್ಣಗೆ, ನುಣುಪಾಗಿ, ಗಟ್ಟಿಯಾಗಿರುತ್ತದೆ. ತೆನೆಯಲ್ಲಿ ಇದ್ಯಾವುದೂ ಇಲ್ಲ. ಹೋಲಿಕೆ ನಿಂತದ್ದು ಬಣ್ಣವೊಂದರ ಮೇಲೆ, ಅದೊಂದೇ ಅವನಿಗೆ ತಲುಪುವಂತಿರಲಿಲ್ಲ. ನನ್ನ ಪದ್ಯ ಅವನಿಗೆ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ, ಅವನಿಗೆ ತೆನೆಯ ಬಗ್ಗೆ ಸುಳ್ಳು ಹೇಳಿತ್ತು ಎನ್ನುವುದೇ ಸರಿ.

ಇದು ಹಳೆಯ ಸಮಸ್ಯೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಕಟ್ಸ್‌ಫೋರ್ತ್ ಸ್ವತಃ ಅಂಧರಾಗಿದ್ದರು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಮಕ್ಕಳು ವಸ್ತುಗಳನ್ನು ವರ್ಣಿಸುವಾಗ ತಮ್ಮ ಅನುಭವದ ಮಾತುಗಳನ್ನು ಬಿಟ್ಟು, ಕೇಳಿ ಕಲಿತ ಕಣ್ಣಿನ ಮಾತುಗಳನ್ನೇ ಮತ್ತೆ ಮತ್ತೆ ಹೇಳುವುದನ್ನು ಅವರು 1930ರ ದಶಕದಲ್ಲಿ ಗಮನಿಸಿದರು. ಶಿಕ್ಷಕರಿಗೆ ಮೆಚ್ಚುಗೆಯಾಗುವ ಉತ್ತರ ಅದೇ ಎಂದು ಮಕ್ಕಳು ಕಲಿತುಬಿಡುತ್ತಾರೆ ಎಂಬುದು ಅವರ ಆತಂಕವಾಗಿತ್ತು. ನನ್ನ ಪದ್ಯವೂ ಅದನ್ನೇ ಕಲಿಸುತ್ತಿತ್ತು.

ಹಾಗಾದರೆ 'ನೋಡು' ಎಂಬ ಪದವನ್ನೇ ತೆಗೆದುಬಿಡಬೇಕೇ? ಬೇಡ. ಬಾರ್ಬರಾ ಲ್ಯಾಂಡೌ ಮತ್ತು ಲೀಲಾ ಗ್ಲೈಟ್‌ಮನ್ ಎಂಬ ಸಂಶೋಧಕಿಯರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಧ ಪುಟಾಣಿಯೊಬ್ಬಳ ಪ್ರಸಂಗವಿದೆ. 'ಮೇಲೆ ನೋಡು' ಎಂದಾಗ, ಕಣ್ಣಿಗೆ ಬಟ್ಟೆ ಕಟ್ಟಿದ ಇತರ ಮಕ್ಕಳು ಮುಖ ಎತ್ತಿದರು. ಈಕೆ ಕೈಗಳನ್ನು ಮೇಲೆತ್ತಿದಳು. ಅವಳ ಮಟ್ಟಿಗೆ ನೋಡುವುದೆಂದರೆ ಕೈಯಿಂದ ಹುಡುಕಿ ತಿಳಿಯುವುದು. ನಮ್ಮ ಕನ್ನಡಕ್ಕೆ ಇದು ಹೊಸತೇನಲ್ಲ. ನಾವು ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಕೇಳಿ ನೋಡುತ್ತೇವೆ. ಪದ್ಯದಿಂದ ಹೋಗಬೇಕಾದದ್ದು ಕಣ್ಣಿಗೆ ಮಾತ್ರ ದಕ್ಕುವ ಚಿತ್ರ, 'ನೋಡು' ಎಂಬ ಪದವಲ್ಲ.

ತಿದ್ದಲು ಕುಳಿತಾಗ ಮೊದಲು ಬಣ್ಣದ ಪದಗಳನ್ನು ಮಾತ್ರ ಹೊಡೆದುಹಾಕಿದೆ. ಅಷ್ಟು ಸಾಲಲಿಲ್ಲ. 'ಹೊಳೆದವು', 'ದೀಪದ ಸಾಲು', 'ನಗುತಿಹ ತಾಯಿ' ಎಲ್ಲವೂ ಕಣ್ಣಿನವೇ. ಪೀಠದ ಮೇಲಿನ ಪ್ರತಿಮೆಯ ನಗು ಕೈಗೆ ಸಿಗುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಪದ್ಯದ ಕಟ್ಟಿನಲ್ಲೇ ಇತ್ತು. ಹೊಲ, ಬುಟ್ಟಿ, ದೀಪ, ಪ್ರತಿಮೆ ಇವೆಲ್ಲವನ್ನೂ ದೂರದಲ್ಲಿ ನಿಂತು ಒಂದೇ ನೋಟಕ್ಕೆ ಹಿಡಿದಂತೆ ಬರೆದಿದ್ದೆ. ಕೈ ಹಾಗೆ ತಿಳಿಯುವುದಿಲ್ಲ. ಅದು ಒಂದು ತುದಿಯಿಂದ ಹಿಡಿದು ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತದೆ. ಸದ್ದು ಒಂದು ದಿಕ್ಕಿನಿಂದ ಬರುತ್ತದೆ. ವಾಸನೆ ಮುಂದೆ ಬರಲಿರುವುದನ್ನು ಎಷ್ಟೋ ಸಲ ಮೊದಲೇ ಹೇಳುತ್ತದೆ. ಆದ್ದರಿಂದ ಪದ್ಯದೊಳಗೆ ಒಂದು ಮಗು ನಡೆಯಬೇಕು. ಅಂಗಳದಿಂದ ಹೊರಟು ಊಟದ ಎಲೆಯವರೆಗೆ ಹಬ್ಬ ಒಂದರ ಹಿಂದೊಂದಾಗಿ ಅದಕ್ಕೆ ಸಿಗಬೇಕು.

ಆಮೇಲೆ ಒಂದು ತೆನೆ ತರಿಸಿ, ಕಣ್ಣು ಮುಚ್ಚಿ ಹಿಡಿದೆ. ಬುಡದಿಂದ ತುದಿಯ ಕಡೆಗೆ ಸವರಿದರೆ ಬೆರಳು ಜಾರುತ್ತದೆ. ತುದಿಯಿಂದ ಬುಡಕ್ಕೆ ಸವರಿದರೆ ಸುಂಕು ಗರಗರನೆ ತಡೆಯುತ್ತದೆ. ಎಷ್ಟೋ ವರ್ಷ ತೆನೆ ಆಶೀರ್ವದಿಸಿದವನಿಗೆ ಇದು ಅಂದು ತಿಳಿಯಿತು. 'ಚಿನ್ನ' ಇದ್ದ ಜಾಗಕ್ಕೆ ಇದೇ ಬಂತು:

ಟಪ್ ಟಪ್ ಎನ್ನುವ ಮಾಡಿನ ನೀರು,
ಕಾಲ್ಬೆರಳೆಡೆಯಲಿ ತಣ್ಣನೆ ಕೆಸರು;
ಢಣ್ ಢಣ್ ಘಂಟೆಯು ಬಲಗಡೆಯಿಂದ,
ಮಲ್ಲಿಗೆ ಘಮಘಮ ಬುಟ್ಟಿಗಳಿಂದ.

ಬುಡದಿಂದ ತುದಿಗೆ ಸವರಿ ನೋಡು,
ನುಣ್ಣಗೆ ಜಾರುವ ತೆನೆಯ ಕಾಳು;
ತುದಿಯಿಂದ ಬುಡಕೆ ಸವರಿ ನೋಡು,
ಗರಗರ ತಡೆವ ಸುಂಕಿನ ಸಾಲು.

ಕಬ್ಬನು ಕಚ್ಚಲು ಕಟಕಟ ಸದ್ದು,
ರಸವು ಮೊಣಕೈಗಿಳಿದು ಅಂಟಿದ್ದು;
ಬಾಳೆಯ ಎಲೆಗೆ ಬಿಸಿಯನ್ನ ಬಿದ್ದು
ಘಮ್ಮನೆ ಬಂದಿತು ಹಬ್ಬವೆ ಎದ್ದು.

ಶಿಕ್ಷಕಿ ಕೇಳಿದ್ದು ಸ್ಪರ್ಶ, ಸದ್ದು, ವಾಸನೆ ಮಾತ್ರ. ಆದ್ದರಿಂದ ಕಬ್ಬು ಬಂದರೂ 'ಸಿಹಿ' ಬರಲಿಲ್ಲ. ಅದರಿಂದ ಒಳ್ಳೆಯದೇ ಆಯಿತು. 'ಸಿಹಿ' ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದೆ. ಮೊಣಕೈಗೆ ಇಳಿದು ಅಂಟುವ ರಸ ನೆನಪಿಗೇ ಬರುತ್ತಿರಲಿಲ್ಲ. ಹೂವಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಬುಟ್ಟಿಯಲ್ಲಿ ದಾಸವಾಳವೂ ಇರುತ್ತದೆ, ಆದರೆ ಅದಕ್ಕೆ ಹೇಳಿಕೊಳ್ಳುವ ಪರಿಮಳವಿಲ್ಲ. ಪದ್ಯದಲ್ಲಿ ಮಲ್ಲಿಗೆ ಉಳಿಯಿತು.

ಕನ್ನಡದಲ್ಲಿ ಟಪ್ ಟಪ್, ಗರಗರ, ಕಟಕಟದಂಥ ಅನುಕರಣ ಪದಗಳು ಬೇಕಾದಷ್ಟಿವೆ. ಸಾಲುಸಾಲಿಗೂ ತುಂಬಿದರೆ ಪದ್ಯ ಬರೀ ಗದ್ದಲವಾಗುತ್ತದೆ, ಯಾವುದು ಯಾವುದರ ಸದ್ದು ಎಂದು ತಿಳಿಯುವುದಿಲ್ಲ. ಒಂದು ಸದ್ದಿನ ಜೊತೆ ಅದರ ಮೂಲವೂ ಇರಬೇಕು: ಮಾಡಿನ ನೀರು, ಘಂಟೆ, ಕಬ್ಬು.

ಸಾಲುಗಳನ್ನು ಗಿಡ್ಡವಾಗಿಟ್ಟದ್ದಕ್ಕೂ ಕಾರಣವಿದೆ. ಬ್ರೈಲ್ ಲಿಪಿಯಲ್ಲಿ ಕಾಗುಣಿತದ ಸ್ವರಕ್ಕೆ ಪ್ರತ್ಯೇಕ ಜಾಗ ಬೇಕು. ನಾವು ಒಂದೇ ಅಕ್ಷರವಾಗಿ ಬರೆಯುವ 'ಕಿ' ಅಲ್ಲಿ ಎರಡು ಕೋಶಗಳನ್ನು ಹಿಡಿಯುತ್ತದೆ. ಒತ್ತಕ್ಷರಕ್ಕೆ ಇನ್ನೂ ಹೆಚ್ಚು. ನಮ್ಮ ಹಾಳೆಯಲ್ಲಿ ಒಂದು ಸಾಲಿಗೆ ಹಿಡಿಸಿದ್ದು ಬ್ರೈಲ್‌ನಲ್ಲಿ ಮುರಿದು ಕೆಳಗಿಳಿಯಬಹುದು. ಆಗ ಪ್ರಾಸ ಎಲ್ಲಿ ಬೀಳುತ್ತದೆಂಬುದು ಬೆರಳಿಗೆ ತಪ್ಪಿಹೋಗುತ್ತದೆ.

ಒಂದು ಮಾತು ಮರೆಯಬಾರದು. ಇಂಥ ಶಾಲೆಗಳ ಎಲ್ಲ ಮಕ್ಕಳೂ ಪೂರ್ಣ ಅಂಧರಲ್ಲ. ಕೆಲವರಿಗೆ ಬೆಳಕು, ಬಣ್ಣ ಮಸುಕಾಗಿ ಕಾಣುತ್ತದೆ. ಕೆಲವರು ನೋಡಿದ್ದನ್ನು ನೆನಪಿಟ್ಟುಕೊಂಡು ದೃಷ್ಟಿ ಕಳೆದುಕೊಂಡವರು. ಅವರೆದುರು ಬಣ್ಣದ ಮಾತೇ ಆಡಬಾರದೆಂದಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಹಾಡುವ ಪದ್ಯದಲ್ಲಿ ಎಲ್ಲರಿಗೂ ಸಮಾನವಾಗಿ ಸಿಗುವುದು ಸ್ಪರ್ಶ, ಸದ್ದು, ವಾಸನೆ.

ಹೊಸ ಪದ್ಯವನ್ನು ಕೊಂಡೊಯ್ದಾಗ ಜೊತೆಗೆ ಒಂದು ಹಿಡಿ ತೆನೆಯನ್ನೂ ಒಯ್ದೆ. ಓದುವ ಮೊದಲು ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟೆ. ಅದೇ ಹುಡುಗ ಎರಡೂ ಕಡೆಯಿಂದ ಸವರಿ, "ಹೌದು, ಈ ಕಡೆ ಬಿಡುವುದಿಲ್ಲ" ಎಂದ. ಎಲ್ಲ ಕೇಳಿದ ಮೇಲೆ ಹುಡುಗಿಯೊಬ್ಬಳು ತಕರಾರು ತೆಗೆದಳು: "ನಮ್ಮ ಊರಿನ ಚರ್ಚಿನ ಘಂಟೆ ಎಡಗಡೆಯಿಂದ ಕೇಳುತ್ತದೆ, ಫಾದರ್."

ಅವಳು ಹೇಳಿದ್ದು ಸರಿ. ನಾನು ಬರೆದದ್ದು ನಾನು ದಿನವೂ ನಡೆಯುವ ದಾರಿಯ ದಿಕ್ಕು. ಅಲ್ಲಿಯೇ 'ಬಲಗಡೆಯಿಂದ' ಎಂಬುದನ್ನು ಹೊಡೆದು 'ಮೇಲ್ಗಡೆಯಿಂದ' ಎಂದು ತಿದ್ದಿದೆವು. ಘಂಟೆ ಗೋಪುರದಲ್ಲಿ ತಾನೇ ಇರುವುದು.