ನುಂಗಬಾರದ ಮಾತ್ರೆಗಳನ್ನು ಗುರುತಿಸುವುದು ಹೇಗೆ

ಬಾಯಿಯಿಂದ ನುಂಗದೆ, ದೇಹದ ಬೇರೆ ದಾರಿಯಲ್ಲಿ ಒಳಗಿರಿಸಬೇಕಾದ ಗಟ್ಟಿ ಔಷಧಗಳಲ್ಲಿ ಮೂರು ಮುಖ್ಯ. ಗುದದ್ವಾರದಲ್ಲಿ ಇರಿಸುವುದು ಸಪೊಸಿಟರಿ. ಯೋನಿಯಲ್ಲಿ ಇರಿಸುವ, ಮೈಬಿಸಿಗೆ ಕರಗುವ ಮೇಣದಂಥ ಗುಳಿಗೆ ಪೆಸರಿ. ಅದೇ ಜಾಗಕ್ಕಾಗಿ ಪುಡಿಯನ್ನು ಒತ್ತಿ ಮಾಡಿದ್ದು ಯೋನಿ ಮಾತ್ರೆ. ಮೂರೂ ಜ್ವರದ ಮಾತ್ರೆಯಂತೆಯೇ ಬೆಳ್ಳಿಬಣ್ಣದ ಹಾಳೆಯೊಳಗೆ ಬರುವುದರಿಂದ, ಗೊತ್ತಿಲ್ಲದವರು ನೀರು ಕುಡಿದು ನುಂಗಿಬಿಡುವುದುಂಟು.

ಇವುಗಳಲ್ಲಿ ಸಪೊಸಿಟರಿಯನ್ನು ಗುರುತಿಸುವುದು ಸುಲಭ. ಅದು ಬಂದೂಕಿನ ಗುಂಡಿನಂತೆ ಉದ್ದವಾಗಿ, ಒಂದು ತುದಿ ಮೊನಚಾಗಿರುತ್ತದೆ. ಮಕ್ಕಳದು ಸುಮಾರು 1 ಗ್ರಾಂ, ದೊಡ್ಡವರದು ಸುಮಾರು 2 ಗ್ರಾಂ ತೂಗುತ್ತದೆ. ವಾಂತಿ ನಿಲ್ಲದ ಮಗುವಿನ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್, ಮಲಬದ್ಧತೆಗೆ ಕೊಡುವ ಬಿಸಾಕೊಡಿಲ್ ಅಥವಾ ಗ್ಲಿಸರಿನ್ ಈ ರೂಪದಲ್ಲಿ ಸಿಗುತ್ತವೆ. ಸಾಮಾನ್ಯವಾಗಿ ಪ್ರತಿಯೊಂದೂ ತನ್ನದೇ ಆಕಾರದ ಗೂಡಿನಲ್ಲಿ ಕೂತಿರುತ್ತದೆ. ಗೂಡಿನ ತುದಿಯಲ್ಲಿರುವ ಎರಡು ಪದರಗಳನ್ನು ಎರಡು ಕಡೆಗೆ ಎಳೆದು ಬಿಡಿಸಬೇಕು. ಮಾತ್ರೆಯಂತೆ ಹಿಂದಿನಿಂದ ಒತ್ತಿ ಹೊರತೆಗೆಯಲು ಹೋದರೆ ಅದು ಬೆರಳ ಬಿಸಿಗೇ ಮೆತ್ತಗಾಗಿ ಮುರಿಯುತ್ತದೆ.

ನಿಜವಾದ ಗೊಂದಲ ಯೋನಿ ಮಾತ್ರೆಯದು. ಬಿಳಿ ಬಣ್ಣ, ಗಟ್ಟಿ ಮೈ, ಬಾದಾಮಿಯಂತೆ ಚಪ್ಪಟೆ ಅಥವಾ ಉದ್ದುದ್ದ ಆಕಾರ. ದೊಡ್ಡ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನೋಟದಲ್ಲಿ ಹೆಚ್ಚು ಅಂತರವಿಲ್ಲ. ಶಿಲೀಂಧ್ರ ಸೋಂಕಿನಿಂದ ತುರಿಕೆ ಮತ್ತು ಮೊಸರಿನ ಗಡ್ಡೆಯಂಥ ಬಿಳಿ ಸ್ರಾವ ಇರುವ ಮಹಿಳೆಗೆ ವೈದ್ಯರು ಕ್ಲೋಟ್ರಿಮಜೋಲ್ ಬರೆದರು ಎನ್ನೋಣ. ಇದು 100 ಮಿಲಿಗ್ರಾಂನ ಆರು, 200 ಮಿಲಿಗ್ರಾಂನ ಮೂರು ಅಥವಾ 500 ಮಿಲಿಗ್ರಾಂನ ಒಂದೇ ಮಾತ್ರೆಯಾಗಿ ಸಿಗುತ್ತದೆ. ರಾತ್ರಿ ಮಲಗುವ ಮುನ್ನ ಒಂದೊಂದನ್ನು ಯೋನಿಯ ಆಳಕ್ಕೆ ಇರಿಸಬೇಕು. ಅದಕ್ಕಾಗಿ ಡಬ್ಬಿಯಲ್ಲಿ ಹೆಚ್ಚಾಗಿ ಒಂದು ಪ್ಲಾಸ್ಟಿಕ್ ಕೊಳವೆಯೂ ಇರುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಡಬ್ಬಿ ಜೊತೆಗಿದ್ದರೆ ಆ ಕೊಳವೆಯೇ ದೊಡ್ಡ ಗುರುತು. ಆದರೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು, ಪಟ್ಟಿಯನ್ನು ಕತ್ತರಿಸಿ, ಬೇರೆ ಮಾತ್ರೆಗಳೊಂದಿಗೆ ಒಂದೇ ಕಾಗದದ ಪೊಟ್ಟಣಕ್ಕೆ ಹಾಕಿಕೊಟ್ಟರೆ ಕೊಳವೆಯೂ ಹೋಯಿತು, ಎಚ್ಚರಿಕೆಯೂ ಅರ್ಧಕ್ಕೆ ತುಂಡಾಯಿತು. ಈ ರೂಢಿ ತಪ್ಪು. ಪಟ್ಟಿಯ ಮೇಲೆ ನೋಡಬೇಕಾದದ್ದು ‘ಫಾರ್ ವೆಜೈನಲ್ ಯೂಸ್ ಓನ್ಲಿ’, ‘ಫಾರ್ ರೆಕ್ಟಲ್ ಯೂಸ್ ಓನ್ಲಿ’, ‘ನಾಟ್ ಟು ಬಿ ಟೇಕನ್ ಓರಲಿ’ ಎಂಬ ಮಾತುಗಳು: ಯೋನಿಗೆ ಮಾತ್ರ, ಗುದಕ್ಕೆ ಮಾತ್ರ, ಬಾಯಿಯಿಂದ ಬೇಡ ಎಂದು ಅವುಗಳ ಅರ್ಥ. ವೈದ್ಯರ ಚೀಟಿಯಲ್ಲಿ ‘ಪಿವಿ’ ಎಂದಿದ್ದರೆ ಯೋನಿಯ ದಾರಿ, ‘ಪಿಆರ್’ ಎಂದಿದ್ದರೆ ಗುದದ ದಾರಿ.

ಆಕಾರವನ್ನಷ್ಟೇ ನಂಬಿದರೂ ಸಾಲದು. ಗರ್ಭ ನಿಲ್ಲಲು ನೆರವಾಗಲೆಂದು ಕೊಡುವ ಪ್ರೊಜೆಸ್ಟರಾನ್‌ನ ಮೆತ್ತನೆ ಕ್ಯಾಪ್ಸೂಲುಗಳಲ್ಲಿ ಕೆಲವನ್ನು ಬಾಯಿಯಿಂದಲೂ ಯೋನಿಯ ಮೂಲಕವೂ ಬಳಸುವುದಿದೆ. ಅಲ್ಲಿ ದಾರಿ ಯಾವುದೆಂದು ಚೀಟಿಯೊಂದೇ ಹೇಳಬಲ್ಲದು.

ಒಂದು ಕ್ಲೋಟ್ರಿಮಜೋಲ್ ಮಾತ್ರೆಯನ್ನು ನುಂಗಿದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ; ವಾಕರಿಕೆ, ಹೊಟ್ಟೆನೋವು ಬರಬಹುದು. ಔಷಧ ಸೋಂಕಿನ ಜಾಗಕ್ಕೆ ತಲುಪಬೇಕಾದಷ್ಟು ತಲುಪದೆ ತುರಿಕೆ ಹಾಗೆಯೇ ಉಳಿಯುತ್ತದೆ. ‘ಔಷಧ ನಾಟಲಿಲ್ಲ’ ಎಂದು ಮರಳಿ ಬಂದವರನ್ನು, ಅದನ್ನು ಹೇಗೆ ಬಳಸಿದಿರಿ ಎಂದು ಮೊದಲು ಕೇಳಬೇಕು. ಎಲ್ಲ ಔಷಧಗಳೂ ಇಷ್ಟು ಸೌಮ್ಯವಲ್ಲ. ಆದ್ದರಿಂದ ಯಾವುದನ್ನು ನುಂಗಿದ್ದರೂ ಪಟ್ಟಿಯನ್ನು ಹಿಡಿದುಕೊಂಡೇ ವೈದ್ಯರನ್ನು ಕಾಣಬೇಕು. ಇನ್ನೊಂದು ತಪ್ಪು, ಹಾಳೆಯನ್ನು ಬಿಡಿಸದೆ ಒಳಗಿರಿಸುವುದು. ಆಗ ಔಷಧ ಕರಗಿ ಹೊರಬರುವುದಿಲ್ಲ, ಹಾಳೆಯ ಅಂಚು ಒಳಚರ್ಮವನ್ನು ಗೀರುತ್ತದೆ. ನೋವು ಅಥವಾ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೈಬಿಸಿಗೆ ಕರಗುವ ಸಪೊಸಿಟರಿ, ಪೆಸರಿಗಳು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಾಳೆಯೊಳಗೇ ಕರಗಬಲ್ಲವು. ಮತ್ತೆ ಗಟ್ಟಿಯಾದಾಗ ಮೊನೆ ಸೊಟ್ಟಗಾಗಿರುತ್ತದೆ, ಔಷಧ ಒಂದು ಕಡೆ ಇಳಿದು ನಿಂತಿರಬಹುದು. ಅಂಥದ್ದನ್ನು ಬಳಸಬಾರದು. ಹೊಸದನ್ನು ಕೊಳ್ಳುವಾಗ ಡಬ್ಬಿಯ ಸಮೇತ ಕೇಳಿ ಪಡೆಯಿರಿ. ಪಟ್ಟಿಯ ಮೇಲೆ ‘ನುಂಗಬಾರದು’ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ.